ವಾಟ್ಸಾಪ್‌ನಲ್ಲಿ ಬರುವ ಆ ಮೂರು ಪ್ರಶ್ನೆ: ನೋಟಿಸ್, ಲೊಕೇಶನ್, ಸಂಬಳ

ಬೆಂಗಳೂರಿನ ಐಟಿಯಲ್ಲಿ ನಾಲ್ಕೈದು ವರ್ಷ ಕೆಲಸ ಮಾಡಿದವರ ವಾಟ್ಸಾಪ್ ತೆರೆದರೆ ಇಂಥದ್ದೊಂದು ಮೆಸೇಜ್ ಸಿಕ್ಕೇ ಸಿಗುತ್ತದೆ. ಗುರುತಿಲ್ಲದ ನಂಬರ್. ಒಂದು ಸಾಲಿನ ನಮಸ್ಕಾರ, ಕೆಲಸದ ಹೆಸರು, ಆಮೇಲೆ ತುಂಬಿ ಕಳಿಸಿ ಅಂತ ಒಂದು ಪಟ್ಟಿ:

```
Total Exp:
Rel Exp:
CCTC:
ECTC:
NP / LWD:
Current Loc:
Pref Loc:
```

ಕೆಳಗೆ "ಅರ್ಜೆಂಟ್, ಕ್ಲೈಂಟ್ ಕಾಯ್ತಾ ಇದ್ದಾರೆ" ಅಂತ ಇರುತ್ತದೆ. ಕೇಳುತ್ತಿರುವುದು ಒಟ್ಟು ಅನುಭವ, ಈ ಕೆಲಸಕ್ಕೆ ಸಂಬಂಧಿಸಿದ ಅನುಭವ, ಈಗಿನ ಸಿಟಿಸಿ, ಬೇಕಾದ ಸಿಟಿಸಿ, ನೋಟಿಸ್ ಅವಧಿ ಇಲ್ಲವೇ ಕೊನೆಯ ಕೆಲಸದ ದಿನ, ಈಗಿರುವ ಊರು, ಬೇಕಾದ ಊರು. ಸಿಟಿಸಿ ಅಂದರೆ ಕಂಪನಿ ನಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ನೋಟಿಸ್ ಅಂದರೆ ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ದಿನಗಳು. ನಾವು ಮೀಟಿಂಗ್ ಮಧ್ಯೆಯೋ, ಮೆಟ್ರೋದಲ್ಲಿ ನಿಂತುಕೊಂಡೋ ಎರಡು ನಿಮಿಷದಲ್ಲಿ ಅಂಕಿ ತುಂಬಿ ಕಳಿಸಿಬಿಡುತ್ತೇವೆ. ಸದ್ಯಕ್ಕೆ ಸುಮ್ನೆ ವಿಚಾರಿಸುತ್ತಿದ್ದಾರೆ, ನಿಜವಾದ ಮಾತುಕತೆ ಮುಂದೆ ಎಚ್‌ಆರ್ ಜೊತೆ ನಡೆಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆ ನಂಬಿಕೆಯಿಂದ ಆಗುವ ನಷ್ಟ ದೊಡ್ಡದು. ಸಂಬಳದ ಮಾತುಕತೆ ಶುರುವಾಗುವುದೇ ಆ ಎರಡು ನಿಮಿಷದಲ್ಲಿ. ಎಷ್ಟೋ ಸಲ ಅದು ಮುಗಿದೂ ಹೋಗಿರುತ್ತದೆ.

ಯಾಕೆ ಅಂತ ತಿಳಿಯಬೇಕಾದರೆ ನಮ್ಮ ಉತ್ತರ ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕು. ಮೆಸೇಜ್ ಕಳಿಸಿದವರು ಹೆಚ್ಚಿನ ಸಲ ಕಂಪನಿಯವರಲ್ಲ, ಕನ್ಸಲ್ಟೆನ್ಸಿಯವರು. ಅವರ ಹತ್ತಿರ ಒಂದು ಎಕ್ಸೆಲ್ ಶೀಟ್ ಇರುತ್ತದೆ, ಅದನ್ನು ಟ್ರ್ಯಾಕರ್ ಅಂತಾರೆ. ಒಬ್ಬ ಅಭ್ಯರ್ಥಿಗೆ ಒಂದು ಸಾಲು, ಪ್ರತಿ ಪ್ರಶ್ನೆಗೆ ಒಂದು ಕಾಲಂ. ನಾವು ಬರೆದದ್ದು ಆ ಚೌಕಗಳಿಗೆ ಹೋಗುತ್ತದೆ. ಆ ಸಾಲು ರೆಸ್ಯೂಮೆ ಜೊತೆ ಮೇಲ್‌ನಲ್ಲೋ ಪೋರ್ಟಲ್‌ನಲ್ಲೋ ಕಂಪನಿಗೆ ಹೋಗುತ್ತದೆ. ಅಲ್ಲಿ ಕೂತವರು ಮೊದಲು ರೆಸ್ಯೂಮೆ ಓದುವುದಿಲ್ಲ, ಕಾಲಂಗಳಿಗೆ ಫಿಲ್ಟರ್ ಹಾಕುತ್ತಾರೆ. ನೋಟಿಸ್ 30 ದಿನಕ್ಕಿಂತ ಜಾಸ್ತಿ ಇದ್ದವರು ಪಕ್ಕಕ್ಕೆ. ಕೇಳಿದ ಸಂಬಳ ಬಜೆಟ್ ಮೀರಿದ್ದರೆ ಪಕ್ಕಕ್ಕೆ. ಬೇರೆ ಊರಲ್ಲಿದ್ದರೆ ಪಕ್ಕಕ್ಕೆ. ಉಳಿದ ಸಾಲುಗಳ ರೆಸ್ಯೂಮೆ ಮಾತ್ರ ತೆರೆಯುತ್ತದೆ.

ಹೀಗೆ ದಾಟಿ ಹೋದ ಸಾಲು ಇಂಟರ್ವ್ಯೂ ಎಲ್ಲ ಮುಗಿದ ಮೇಲೆ ಮತ್ತೆ ಎದ್ದು ಬರುತ್ತದೆ. ಆಫರ್ ಮಾತಾಡಲು ಬಂದ ಎಚ್‌ಆರ್ ಮುಂದೆ ಅದೇ ಶೀಟ್ ಇರುತ್ತದೆ. "ನೀವೇ 18 ಅಂದಿದ್ರಲ್ಲ, 30 ದಿನಕ್ಕೆ ಬರ್ತೀನಿ ಅಂದಿದ್ರಲ್ಲ" ಅಂತಾರೆ. ಮೂರು ವಾರದ ಹಿಂದೆ ಮೆಟ್ರೋದಲ್ಲಿ ನಿಂತು ಟೈಪ್ ಮಾಡಿದ್ದು ಈಗ ನಾವು ಕೊಟ್ಟ ಮಾತಾಗಿರುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಮೆಸೇಜ್ ಕಳಿಸಿದವರಿಗೆ ನಮ್ಮ ಸಂಬಳ ಜಾಸ್ತಿ ಆದರೆ ಲಾಭವೋ ನಷ್ಟವೋ ಅನ್ನುವುದು ಕೆಲಸ ಯಾವ ಬಗೆಯದು ಅನ್ನುವುದರ ಮೇಲೆ ನಿಂತಿದೆ. ಕಂಪನಿಯ ಕಾಯಂ ಕೆಲಸಕ್ಕೆ ಜನ ಹುಡುಕಿ ಕೊಟ್ಟರೆ ಕನ್ಸಲ್ಟೆನ್ಸಿಗೆ ಸಿಗುವುದು ವರ್ಷದ ಸಿಟಿಸಿಯ ಒಂದು ಪಾಲು. ಹಳೆಯ ರೂಢಿಯ ದರ 8.33 ಪರ್ಸೆಂಟ್, ಅಂದರೆ ಒಂದು ತಿಂಗಳ ಸಂಬಳದಷ್ಟು. ಅಲ್ಲಿ ನಿಮಗೆ ಜಾಸ್ತಿ ಸಿಕ್ಕರೆ ಅವರಿಗೂ ಸ್ವಲ್ಪ ಜಾಸ್ತಿ, ಆದರೆ ಕೆಲಸ ಕೂಡಿ ಬರುವುದೇ ಅವರಿಗೆ ಮುಖ್ಯ. ಕಾಂಟ್ರಾಕ್ಟ್ ಕೆಲಸದಲ್ಲಿ ಲೆಕ್ಕ ಉಲ್ಟಾ. ಅಲ್ಲಿ ನೀವು ಕನ್ಸಲ್ಟೆನ್ಸಿಯ ಪೇರೋಲ್‌ನಲ್ಲಿ ಇರುತ್ತೀರಿ, ಕ್ಲೈಂಟ್ ತಿಂಗಳಿಗೆ ಇಷ್ಟು ಅಂತ ಒಂದು ಬಿಲ್ಲಿಂಗ್ ರೇಟ್ ಕೊಡುತ್ತದೆ, ಅದರಲ್ಲಿ ನಿಮಗೆ ಕೊಟ್ಟು ಉಳಿದದ್ದು ಅವರದು. ನೀವು ಕಡಿಮೆ ಕೇಳಿದಷ್ಟೂ ಅವರಿಗೆ ಹೆಚ್ಚು ಉಳಿಯುತ್ತದೆ. ಅದಕ್ಕೇ ಪಟ್ಟಿ ತುಂಬುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: "ಪೇರೋಲ್ ಯಾರದು?" ಇದಕ್ಕೆ ನೇರ ಉತ್ತರ ಕೊಡದವರಿಗೆ ಸಂಬಳದ ಅಂಕಿ ಕೊಡಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಈಗ ಒಂದು ಉದಾಹರಣೆ ಇಟ್ಟುಕೊಂಡು ಲೆಕ್ಕ ಹಾಕೋಣ. ಅಂಕಿಗಳು ನಾನು ಇಟ್ಟುಕೊಂಡವು, ಆದರೆ ಇವತ್ತಿನ ಬೆಂಗಳೂರಿನಲ್ಲಿ ತೀರಾ ಸಾಮಾನ್ಯವಾದವು. ಆರು ವರ್ಷ ಅನುಭವದ ಜಾವಾ ಡೆವಲಪರ್ ಒಬ್ಬಳು. ಮನೆ ವಿಜಯನಗರ. ಈಗಿನ ಸಿಟಿಸಿ 14 ಲಕ್ಷ, ನೋಟಿಸ್ 90 ದಿನ. ಆ ಮೆಸೇಜ್‌ಗೆ ಅವಳು ಬರೆದ ಉತ್ತರ: ಈಗ 14, ಬೇಕಾದ್ದು 18, ನೋಟಿಸ್ 90 ದಿನ ನೆಗೋಶಿಯಬಲ್, ಲೊಕೇಶನ್ ಬೆಂಗಳೂರು. ನೋಡಲು ಯಾವ ತಪ್ಪೂ ಇಲ್ಲ. ಸಾವಿರಾರು ಜನ ಹೀಗೇ ಬರೆಯುತ್ತಾರೆ.

ಮೊದಲು ಆ 14 ಅನ್ನೋ ಅಂಕಿಯನ್ನು ಬಿಚ್ಚೋಣ. ಅದರಲ್ಲಿ 1.4 ಲಕ್ಷ ವೇರಿಯಬಲ್, ಕಂಪನಿ ಚೆನ್ನಾಗಿ ನಡೆದರೆ, ರೇಟಿಂಗ್ ಚೆನ್ನಾಗಿ ಬಂದರೆ ಸಿಗುವ ದುಡ್ಡು. ಉಳಿದ 12.6 ಲಕ್ಷ ಫಿಕ್ಸೆಡ್ ಅಂತಾರೆ, ಆದರೆ ಅದೂ ಪೂರ್ತಿ ಕೈಗೆ ಬರುವುದಿಲ್ಲ. ಬೇಸಿಕ್ ವರ್ಷಕ್ಕೆ 7 ಲಕ್ಷ ಅಂತ ಇಟ್ಟುಕೊಂಡಿದ್ದೇನೆ, ಸಿಟಿಸಿಯ ಅರ್ಧ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ ಭಾಗವನ್ನು ವೇತನಕ್ಕೇ ಸೇರಿಸಬೇಕು ಅಂತ ಇದೆ, ಹಾಗಾಗಿ ಅರ್ಧ ಅನ್ನುವುದು ಲೆಕ್ಕಕ್ಕೆ ಸರಿಯಾದ ಅಂಕಿ. ಈ 7 ಲಕ್ಷದ ಮೇಲೆ ಕಂಪನಿ ಕಟ್ಟುವ 12 ಪರ್ಸೆಂಟ್ ಪಿಎಫ್ 84 ಸಾವಿರ, ಗ್ರಾಚ್ಯುಟಿ ಅಂತ ತೆಗೆದಿಡುವ 4.81 ಪರ್ಸೆಂಟ್ ಸುಮಾರು 33,700. ಇವೆರಡೂ ಸಿಟಿಸಿ ಒಳಗೇ ಇವೆ. ಇವನ್ನು ಕಳೆದು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 95 ಸಾವಿರ ಚಿಲ್ಲರೆ. ಅದರಲ್ಲಿ ಅವಳ ಪಾಲಿನ ಪಿಎಫ್ 7 ಸಾವಿರ, ಪ್ರೊಫೆಶನಲ್ ಟ್ಯಾಕ್ಸ್ 200 ಹೋದರೆ, ಆದಾಯ ತೆರಿಗೆಗೆ ಮೊದಲು ಕೈಗೆ ಬರುವುದು ಸುಮಾರು 88 ಸಾವಿರ. ಪಿಎಫ್ ಅವಳದೇ ದುಡ್ಡು, ಮುಂದೆ ಸಿಗುತ್ತದೆ, ಸರಿ. ಗ್ರಾಚ್ಯುಟಿ ಮಾತ್ರ ಕಾಯಂ ನೌಕರರಿಗೆ ಐದು ವರ್ಷ ತುಂಬಿದ ಮೇಲೇ ಸಿಗುವುದು, ಮೂರು ವರ್ಷಕ್ಕೊಮ್ಮೆ ಕೆಲಸ ಬದಲಿಸುವವರಿಗೆ ಅದು ಕಾಗದದ ಮೇಲೆ ಮಾತ್ರ ಇರುವ ದುಡ್ಡು.

ಹೊಸ ಕಂಪನಿ ಅವಳಿಗೆ 17 ಲಕ್ಷ ಆಫರ್ ಮಾಡುತ್ತದೆ. ಕೇಳಿದ್ದು 18, ಒಂದು ಇಳಿಸಿದ್ದಾರೆ, ಇದು ಎಲ್ಲ ಕಡೆ ನಡೆಯುವುದೇ. 14ರಿಂದ 17 ಅಂದರೆ 21 ಪರ್ಸೆಂಟ್ ಏರಿಕೆ, ಕೇಳಲು ಚೆನ್ನಾಗಿದೆ. ಆದರೆ ಈ ಕಂಪನಿಯಲ್ಲಿ ವೇರಿಯಬಲ್ 15 ಪರ್ಸೆಂಟ್, ಅಂದರೆ 2.55 ಲಕ್ಷ. ಫಿಕ್ಸೆಡ್ ಉಳಿಯುವುದು 14.45 ಲಕ್ಷ. ಬೇಸಿಕ್ 8.5 ಲಕ್ಷ, ಪಿಎಫ್ 1.02 ಲಕ್ಷ, ಗ್ರಾಚ್ಯುಟಿ ಸುಮಾರು 41 ಸಾವಿರ. ಅದೇ ರೀತಿ ಲೆಕ್ಕ ಹಾಕಿದರೆ ಕೈಗೆ ಬರುವುದು ತಿಂಗಳಿಗೆ ಸುಮಾರು 99,800. ಅಂದರೆ ಏರಿಕೆ 11,800, ಪರ್ಸೆಂಟಿನಲ್ಲಿ 13. ತೆರಿಗೆ ಹಿಡಿದ ಮೇಲೆ ಇನ್ನೂ ಕಡಿಮೆ. ವೇರಿಯಬಲ್ ಪೂರ್ತಿ ಬಂದರೆ ವರ್ಷದ ಕೊನೆಗೆ ಸ್ವಲ್ಪ ತುಂಬಿಕೊಳ್ಳುತ್ತದೆ, ಆದರೆ ಪ್ರತಿ ತಿಂಗಳು ಬಾಡಿಗೆ, ಇಎಂಐ ಕಟ್ಟಲು ಅದು ಆಗಿಬರುವುದಿಲ್ಲ. ಅವಳು 18 ಅಂತ ಬರೆದಾಗ ಅದು ಫಿಕ್ಸೆಡ್ಡೋ ಒಟ್ಟೋ ಅಂತ ಹೇಳಲಿಲ್ಲ. ಟ್ರ್ಯಾಕರ್‌ನಲ್ಲಿ ಅದನ್ನು ಒಟ್ಟು ಅಂತಲೇ ಓದುತ್ತಾರೆ.

ಇಷ್ಟಕ್ಕೇ ಮುಗಿದರೆ ಪರವಾಗಿಲ್ಲ ಅನ್ನಬಹುದಿತ್ತು. ನಿಜವಾದ ಪೆಟ್ಟು ಬೀಳುವುದು "ನೆಗೋಶಿಯಬಲ್" ಅನ್ನುವಲ್ಲಿ.

ಅವಳ ಮನಸ್ಸಿನಲ್ಲಿ ಇದ್ದದ್ದು, ಮ್ಯಾನೇಜರ್ ಹತ್ತಿರ ಮಾತಾಡಿ ನೋಡಬಹುದು ಅಂತ. ರಿಕ್ರೂಟರ್ ತಲೆಯಲ್ಲಿ ಇದ್ದದ್ದು, 90 ಅಂತ ಹಾಕಿದರೆ ಫಿಲ್ಟರ್‌ನಲ್ಲೇ ಹೋಗುತ್ತದೆ ಅಂತ. ಹಾಗಾಗಿ ಚೌಕದಲ್ಲಿ ಬಿದ್ದದ್ದು 30. ಸುಳ್ಳು ಹೇಳಬೇಕು ಅಂತ ಅವರು ಹಾಗೆ ಮಾಡುವುದಿಲ್ಲ, ಆ ಚೌಕಕ್ಕೆ ಒಂದು ಅಂಕಿ ಬೇಕು, ಕ್ಲೈಂಟ್ 30ಕ್ಕಿಂತ ಮೇಲೆ ತೆಗೆದುಕೊಳ್ಳುವುದಿಲ್ಲ, ನೀವು ನೆಗೋಶಿಯಬಲ್ ಅಂದಿದ್ದೀರಿ, ಅಷ್ಟೇ. ಕೊನೆಗೆ ಆಫರ್ ಬರುವಾಗ 30 ದಿನದಲ್ಲಿ ಸೇರಬೇಕು ಅಂತ ಬರುತ್ತದೆ. ಈಗ 60 ದಿನದ ಕೊರತೆ. ಅದನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದಕ್ಕೆ ಬೈಔಟ್ ಅಂತಾರೆ.

ಬೈಔಟ್ ಎಷ್ಟು? ಇದು ಅವಳ ಈಗಿನ ಕಂಪನಿಯ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಒಂದೇ ಒಂದು ಪದದ ಮೇಲೆ ನಿಂತಿರುತ್ತದೆ: ಬೇಸಿಕ್ ಮೇಲೋ, ಗ್ರಾಸ್ ಮೇಲೋ. ಬೇಸಿಕ್ ಆದರೆ ತಿಂಗಳಿಗೆ 58,333, ಎರಡು ತಿಂಗಳಿಗೆ 1.17 ಲಕ್ಷ. ಗ್ರಾಸ್ ಆದರೆ, ಅಂದರೆ ಮೇಲೆ ಬಂದ ಆ ತಿಂಗಳ 95 ಸಾವಿರ ಚಿಲ್ಲರೆಯ ಮೇಲೆ, 1.9 ಲಕ್ಷ. ಈಗ ಇದನ್ನು ಹೊಸ ಸಂಬಳದ ಏರಿಕೆಯ ಪಕ್ಕದಲ್ಲಿಟ್ಟು ನೋಡಿ. ತಿಂಗಳಿಗೆ 11,800 ಜಾಸ್ತಿ ಬರುತ್ತದೆ. 1.9 ಲಕ್ಷ ಕೈಯಿಂದ ಕಟ್ಟಿದರೆ ಅದು ವಾಪಸ್ ತುಂಬಲು 16 ತಿಂಗಳು ಬೇಕು. ಬೇಸಿಕ್ ಮೇಲೆ ಅಂದರೂ ಹತ್ತು ತಿಂಗಳು. ಅಂದರೆ ಮೊದಲ ವರ್ಷ ಅವಳು ಕೆಲಸ ಬದಲಿಸಿದ್ದರಿಂದ ದುಡ್ಡಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಏನೂ ಗಳಿಸಲಿಲ್ಲ. ಒಂದು ಪದ ಟೈಪ್ ಮಾಡಿದ್ದರ ಬೆಲೆ ಇದು.

ಇದರಲ್ಲಿ ಇನ್ನೂ ಎರಡು ಗಂಟು ಇವೆ. ಮೊದಲನೆಯದು, ಬೈಔಟ್ ನಮ್ಮ ಹಕ್ಕು ಅಂತ ಬಹಳ ಜನ ತಿಳಿದಿದ್ದಾರೆ. ಅನೇಕ ಲೆಟರ್‌ಗಳಲ್ಲಿ ಹಾಗಿಲ್ಲ, "ಕಂಪನಿ ಒಪ್ಪಿದರೆ ಮಾತ್ರ" ಅನ್ನುವ ಸಾಲು ಇರುತ್ತದೆ. ಮ್ಯಾನೇಜರ್ ಒಪ್ಪದಿದ್ದರೆ ದುಡ್ಡು ಕೊಡುತ್ತೇನೆ ಅಂದರೂ ಬಿಡುವುದಿಲ್ಲ, ರಿಲೀವಿಂಗ್ ಲೆಟರ್ ತಡೆ ಹಿಡಿಯುತ್ತಾರೆ, ಅದಿಲ್ಲದೆ ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಕಷ್ಟ. ಎರಡನೆಯದು, ಹೊಸ ಕಂಪನಿ ಬೈಔಟ್ ದುಡ್ಡು ವಾಪಸ್ ಕೊಡುತ್ತೇವೆ ಅಂದರೂ ಅದನ್ನು ಸಂಬಳದ ಜೊತೆ ಸೇರಿಸಿ ತೆರಿಗೆ ಹಿಡಿದು ಕೊಡುತ್ತದೆ, ಮತ್ತು ಒಂದು ವರ್ಷದ ಒಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಹಿಂದೆ ಕೆಲವು ಕಂಪನಿಗಳು ನೋಟಿಸ್ ದುಡ್ಡಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಕೂಡ ಹಾಕುತ್ತಿದ್ದವು. 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಅದಕ್ಕೆ ಜಿಎಸ್‌ಟಿ ಇಲ್ಲ ಅಂತ ಸ್ಪಷ್ಟಪಡಿಸಿದೆ. ಈಗಲೂ ಯಾರಾದರೂ ಹಾಕಿದರೆ ಆ ಸುತ್ತೋಲೆ ತೋರಿಸಿ, ಅದರ ಸಂಖ್ಯೆ 178/10/2022.

90 ದಿನದ ಬಗ್ಗೆ ನನ್ನ ಸಿಟ್ಟು ಇಲ್ಲೇ ಹೇಳಿಬಿಡುತ್ತೇನೆ. ಪ್ರಾಜೆಕ್ಟ್ ಮಧ್ಯದಲ್ಲಿ ಜನ ಬಿಟ್ಟು ಹೋದರೆ ಕ್ಲೈಂಟ್ ಬಿಲ್ಲಿಂಗ್ ನಿಲ್ಲುತ್ತದೆ, ಹೊಸಬರಿಗೆ ಕೆಲಸ ಒಪ್ಪಿಸಲು ಸಮಯ ಬೇಕು ಅನ್ನುವುದು ಕಂಪನಿಗಳ ವಾದ. ಅದರಲ್ಲಿ ನಿಜ ಇದೆ. ಆದರೆ ತನ್ನ ಜನರನ್ನು ಮೂರು ತಿಂಗಳು ಕಟ್ಟಿ ಹಾಕುವ ಕಂಪನಿಯೇ ಹೊರಗಿನಿಂದ ಬರುವವರು ಹದಿನೈದು ದಿನದಲ್ಲಿ ಬರಬೇಕು ಅನ್ನುತ್ತದೆ. ಈ ಎರಡು ಬೇಡಿಕೆಗಳ ನಡುವಿನ ಖರ್ಚು ಕೆಲಸಗಾರರ ತಲೆ ಮೇಲೆ ಬೀಳುತ್ತದೆ. ಇದು ಅನ್ಯಾಯ, ಇದನ್ನು ಮೆಲ್ಲಗೆ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಇದರಿಂದಲೇ ಇನ್ನೊಂದು ಕೆಟ್ಟ ರೂಢಿ ಬೆಳೆದಿದೆ: ಕೈಯಲ್ಲಿ ಆಫರ್ ಇಲ್ಲದೆ ಮೊದಲು ರಾಜೀನಾಮೆ ಕೊಡುವುದು, ಯಾಕೆಂದರೆ "ಸರ್ವಿಂಗ್ ನೋಟಿಸ್" ಅಂತ ಬರೆದರೆ ಮಾತ್ರ ಫೋನ್ ಬರುತ್ತದೆ ಅಂತ. ಫೋನ್ ಬರುವುದು ನಿಜ. ಆದರೆ ಕೊನೆಯ ದಿನ ಹತ್ತಿರ ಬಂದ ಹಾಗೆ ನಮ್ಮ ಮಾತಿಗೆ ಬೆಲೆ ಕಡಿಮೆಯಾಗುತ್ತದೆ, ಆ ಕೊನೆಯ ದಿನ ಯಾವುದು ಅಂತ ಎದುರಿನವರ ಶೀಟಿನಲ್ಲೇ ಬರೆದಿರುತ್ತದೆ. ಮನೆಯಲ್ಲಿ ಇನ್ನೊಂದು ಸಂಬಳ, ಇಲ್ಲವೇ ಆರು ತಿಂಗಳ ಖರ್ಚಿಗೆ ಉಳಿತಾಯ ಇಲ್ಲದವರು ಫಿಲ್ಟರ್ ದಾಟಲು ಅಂತ ಈ ದಾರಿ ಹಿಡಿಯಬಾರದು.

ಹಾಗಾದರೆ ನೋಟಿಸ್ ಚೌಕದಲ್ಲಿ ಏನು ಬರೆಯಬೇಕು? ಲೆಟರ್‌ನಲ್ಲಿ ಇರುವ ದಿನ, ಅದರ ಜೊತೆ ಷರತ್ತು, ಎರಡೂ ಒಟ್ಟಿಗೆ, ಒಂದೇ ಸಾಲಿನಲ್ಲಿ. "90 ದಿನ. ಕಂಪನಿ ಒಪ್ಪಿದರೆ 60. ಅದಕ್ಕಿಂತ ಬೇಗ ಬೇಕಾದರೆ ಬೈಔಟ್ ಹೊಸ ಕಂಪನಿ ಕೊಡಬೇಕು." ಇದನ್ನು ಚೌಕಕ್ಕೆ ಹಾಕುವವರು 30 ಅಂತ ಬರೆಯಲು ಆಗುವುದಿಲ್ಲ, ಬರೆದರೂ ಚಾಟ್‌ನಲ್ಲಿ ನಿಮ್ಮ ಮಾತು ದಾಖಲೆಯಾಗಿ ಉಳಿಯುತ್ತದೆ. ಇದರಿಂದ ಕೆಲವು ಕಡೆ ಫಿಲ್ಟರ್‌ನಲ್ಲೇ ಹೋಗುತ್ತೀರಿ, ಅದು ನಿಜ. ಆದರೆ 30 ದಿನಕ್ಕೆ ಬರಲೇಬೇಕು, ಬೈಔಟ್ ಕೊಡುವುದಿಲ್ಲ ಅನ್ನುವ ಕಂಪನಿ ಈ ಹುಡುಗಿಗೆ ಮೂರು ಸುತ್ತಿನ ಇಂಟರ್ವ್ಯೂ ಆದ ಮೇಲೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಈಗಾಗಲೇ ರಾಜೀನಾಮೆ ಕೊಟ್ಟಿದ್ದರೆ ದಿನ ಬರೆಯಬೇಡಿ, ಎಚ್‌ಆರ್ ಪೋರ್ಟಲ್‌ನಲ್ಲಿ ತೋರಿಸುವ ಕೊನೆಯ ಕೆಲಸದ ದಿನಾಂಕ ಬರೆಯಿರಿ. ಟ್ರ್ಯಾಕರ್ ಎರಡು ವಾರ ಓಡಾಡುತ್ತದೆ, "45 ದಿನ" ಅನ್ನುವುದು ಎರಡು ವಾರದ ನಂತರವೂ 45 ಆಗಿಯೇ ಇರುತ್ತದೆ, ದಿನಾಂಕ ಮಾತ್ರ ಹಳತಾಗುವುದಿಲ್ಲ.

ಇನ್ನು ಲೊಕೇಶನ್. ಅವಳು ಬೆಂಗಳೂರು ಅಂತ ಬರೆದಳು. ಕೆಲಸವೂ ಬೆಂಗಳೂರಿನಲ್ಲೇ. ಆದರೆ ಬೆಂಗಳೂರು ಅಂದರೆ ಎಲ್ಲಿ? ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಅಂದರೆ ಊರಿನ ಆ ತುದಿ, ಆದರೆ ಎರಡೂ ಮೆಟ್ರೋದ ನೇರಳೆ ಮಾರ್ಗದಲ್ಲಿ ಇವೆ, ರೈಲು ಬದಲಿಸುವ ಕೆಲಸವಿಲ್ಲ, ಕೂರಲು ಜಾಗ ಸಿಕ್ಕಿದರೆ ಒಂದು ನಿದ್ದೆಯೂ ಆಗುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಇದೆ, ಮೆಜೆಸ್ಟಿಕ್‌ನಲ್ಲಿ ಒಮ್ಮೆ, ಆರ್‌ವಿ ರಸ್ತೆಯಲ್ಲಿ ಇನ್ನೊಮ್ಮೆ ಬದಲಿಸಬೇಕು. ಬೆಳ್ಳಂದೂರು ಕಡೆಯ ಹೊರ ವರ್ತುಲ ರಸ್ತೆ ನಕ್ಷೆಯಲ್ಲಿ ವೈಟ್‌ಫೀಲ್ಡ್‌ಗಿಂತ ಹತ್ತಿರ ಕಾಣುತ್ತದೆ, ಸಂಜೆ ಆರೂವರೆಗೆ ಅಲ್ಲಿಂದ ಬಸ್ಸಿನಲ್ಲಿ ವಿಜಯನಗರಕ್ಕೆ ಬಂದವರಿಗೆ ಗೊತ್ತು ಅದು ಎಷ್ಟು ದೂರ ಅಂತ. ಅದಕ್ಕೇ ಕೇಳಬೇಕಾದ್ದು ಕಟ್ಟಡ ಎಲ್ಲಿದೆ, ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು, ಶಿಫ್ಟ್ ಯಾವುದು, ಕ್ಯಾಬ್ ಇದೆಯಾ ಅಂತ. ವಾರಕ್ಕೆ ಎರಡು ದಿನ ಬೆಳ್ಳಂದೂರು ಒಂದು ಸಂಬಳಕ್ಕೆ ಸರಿಯಾಗಬಹುದು, ಐದು ದಿನ ಬೆಳ್ಳಂದೂರು ಅಂದರೆ ಮನೆ ಬದಲಿಸುವ ಮಾತು. ಮನೆ ಬದಲಿಸುವುದು ಅಂದರೆ ಹೊಸ ಅಡ್ವಾನ್ಸ್, ಮಕ್ಕಳ ಶಾಲೆ, ವಯಸ್ಸಾದ ಅಪ್ಪ ಅಮ್ಮ.

ಬೆಂಗಳೂರಿನ ಹೊರಗೆ ಇರುವವರಿಗೆ ಈ ಚೌಕ ಇನ್ನೂ ಕಠಿಣ. ದಾವಣಗೆರೆಯಿಂದಲೋ ಮಂಗಳೂರಿನಿಂದಲೋ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಈಗ ಇರುವ ಊರು ದಾವಣಗೆರೆ ಅಂತ ಪ್ರಾಮಾಣಿಕವಾಗಿ ಬರೆದರೆ ಫಿಲ್ಟರ್ ಅವರನ್ನು ತೆಗೆದುಹಾಕುತ್ತದೆ. ಸುಳ್ಳು ಬರೆದರೆ ನಾಳೆಯೇ ನೇರ ಇಂಟರ್ವ್ಯೂಗೆ ಬನ್ನಿ ಅಂತಾರೆ, ಸಿಕ್ಕಿಬೀಳುತ್ತೀರಿ. ಇಲ್ಲಿಯೂ ಷರತ್ತಿನ ಸಮೇತ ಒಂದೇ ಸಾಲು ಬರೆಯುವುದು ವಾಸಿ: "ಈಗ ದಾವಣಗೆರೆ, ಆಫರ್ ಆದ ಮೂರು ವಾರದಲ್ಲಿ ಬೆಂಗಳೂರಿಗೆ ಬರುತ್ತೇನೆ, ಇಂಟರ್ವ್ಯೂಗೆ ಎರಡು ದಿನ ಮೊದಲು ಹೇಳಿದರೆ ಸಾಕು." ಒಂದು ಉತ್ತರ ಮಾತ್ರ ಯಾವತ್ತೂ ಬರೆಯಬೇಡಿ, ಅದು "ಎಲ್ಲಾದರೂ ಸರಿ". ಉತ್ಸಾಹದಲ್ಲಿ ಬರೆದ ಆ ಮಾತು ಇಟ್ಟುಕೊಂಡು ಇಂಟರ್ವ್ಯೂ ಮುಗಿದ ಮೇಲೆ ನೊಯ್ಡಾ ಅಂತಾರೆ. ಅಲ್ಲಿನ ಬಾಡಿಗೆ, ಊರಿಗೆ ಓಡಾಡುವ ಖರ್ಚು ನೀವು ಬರೆದ ಸಂಬಳದ ಅಂಕಿಯಲ್ಲಿ ಸೇರಿರುವುದಿಲ್ಲ.

ಇಲ್ಲಿಗೆ ಒಂದು ವಿಷಯ ಕಾಣುತ್ತಿರಬೇಕು. ಮೂರು ಚೌಕ ಬೇರೆ ಬೇರೆ ಇದ್ದರೂ ಲೆಕ್ಕ ಒಂದೇ. ಎಂದಿನಿಂದ, ಎಲ್ಲಿ, ಎಷ್ಟಕ್ಕೆ. ಬೇಗ ಬರಬೇಕು ಅಂದರೆ ಬೈಔಟ್ ಖರ್ಚು, ದೂರ ಅಂದರೆ ಓಡಾಟದ ಖರ್ಚು, ಎರಡೂ ಸಂಬಳದಿಂದಲೇ ಹೋಗುತ್ತವೆ. ಅವರ ಶೀಟ್ ಈ ಮೂರನ್ನು ಬೇರೆ ಮಾಡುತ್ತದೆ, ಹಾಗಾಗಿ ನಾವು ಮೂರರಲ್ಲೂ ಒಂದೊಂದು ಸಲ ಬಿಟ್ಟುಕೊಡುತ್ತೇವೆ, ಒಟ್ಟು ಎಷ್ಟು ಬಿಟ್ಟುಕೊಟ್ಟೆವು ಅಂತ ಕೂಡಿಸುವುದೇ ಇಲ್ಲ.

ಸಂಬಳದ ಅಂಕಿ ಮೊದಲು ಯಾರು ಹೇಳಬೇಕು ಅನ್ನುವುದು ಹಳೆಯ ಚರ್ಚೆ. ನಾನು ಹೇಳುವುದು, ಬಜೆಟ್ ಎಷ್ಟು ಅಂತ ಮೊದಲು ನೀವು ಕೇಳಿ. ಕಂಪನಿ ಆ ಹುದ್ದೆಗೆ ಇಷ್ಟರಿಂದ ಇಷ್ಟು ಅಂತ ಒಂದು ಮಿತಿ ಕೊಟ್ಟಿರುತ್ತದೆ, ರಿಕ್ರೂಟರ್‌ಗೆ ಹೆಚ್ಚಿನ ಸಲ ಅದು ಗೊತ್ತಿರುತ್ತದೆ, ಕೇಳಿದರೆ ಎಷ್ಟೋ ಜನ ಹೇಳುತ್ತಾರೆ, ಯಾಕೆಂದರೆ ಬಜೆಟ್ ಮೀರುವ ಅಭ್ಯರ್ಥಿಯ ಹಿಂದೆ ಓಡಿದರೆ ಅವರ ಸಮಯವೂ ಹಾಳು. ಹೇಳಲಿಲ್ಲ ಅಂದರೆ ಅಂಕಿ ಕೊಡಿ, ಆದರೆ ಫಿಕ್ಸೆಡ್ ಅಂತ ಸ್ಪಷ್ಟವಾಗಿ ಬರೆಯಿರಿ. ಈ ಹುಡುಗಿ "16 ಲಕ್ಷ ಫಿಕ್ಸೆಡ್, ವೇರಿಯಬಲ್ ಅದರ ಮೇಲೆ" ಅಂತ ಬರೆದಿದ್ದರೆ ಏನಾಗುತ್ತಿತ್ತು ನೋಡಿ. ಬೇಸಿಕ್ ಅದೇ 8.5 ಲಕ್ಷ ಅಂತ ಇಟ್ಟುಕೊಂಡರೆ ತೆರಿಗೆಗೆ ಮೊದಲು ಕೈಗೆ ಬರುವುದು ಸುಮಾರು 1,12,700. ಏರಿಕೆ 24,700. ಆಗ 1.9 ಲಕ್ಷ ಬೈಔಟ್ ತಾನೇ ಕಟ್ಟಿದರೂ ಎಂಟು ತಿಂಗಳಲ್ಲಿ ತುಂಬುತ್ತದೆ. ಈ ಲೆಕ್ಕ ಕೈಯಲ್ಲಿದ್ದರೆ, ಆಫರ್ 15 ಫಿಕ್ಸೆಡ್ ಅಂತ ಬಂದಾಗ "ಸರಿ, ಹಾಗಾದರೆ ಬೈಔಟ್ ನೀವು ಕೊಡಿ" ಅಂತ ಅಳುಕಿಲ್ಲದೆ ಕೇಳಬಹುದು.

ಈಗಿನ ಸಂಬಳ ಹೇಳಬೇಕಾ? ಹಳೆಯ ಸಂಬಳದ ಮೇಲೆ ಇಷ್ಟು ಪರ್ಸೆಂಟ್ ಅಂತ ಕೊಡುವ ಪದ್ಧತಿ ನನಗೆ ಸ್ವಲ್ಪವೂ ಇಷ್ಟವಿಲ್ಲ. ಮೊದಲ ಕೆಲಸದಲ್ಲಿ ಕಡಿಮೆ ಸಿಕ್ಕವರನ್ನು, ಊರ ಕಾಲೇಜಿನಿಂದ ಬಂದವರನ್ನು, ಮಗು ಆದಾಗ ಎರಡು ವರ್ಷ ಬಿಟ್ಟು ಮತ್ತೆ ಬಂದ ಹೆಂಗಸರನ್ನು ಅದು ಹಿಂದೆಯೇ ಉಳಿಸುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹಳೆಯ ಸಂಬಳ ಕೇಳುವುದಕ್ಕೇ ತಡೆ ಇದೆ, ನಮ್ಮಲ್ಲಿ ಇಲ್ಲ. ಚೌಕ ಖಾಲಿ ಬಿಟ್ಟರೆ ಸಾಲೇ ಮುಂದೆ ಹೋಗದಿರುವುದು ಜಾಸ್ತಿ. ಹಾಗಾಗಿ ಕೊಡಬೇಕಾದರೆ ನಿಜ ಕೊಡಿ. ಎರಡು ಲಕ್ಷ ಏರಿಸಿ ಬರೆದದ್ದು ಕೊನೆಯ ಮೂರು ತಿಂಗಳ ಪೇಸ್ಲಿಪ್, ಫಾರ್ಮ್ 16 ಕೇಳಿದಾಗ ಹೊರಬೀಳುತ್ತದೆ, ಅಷ್ಟು ಹೊತ್ತಿಗೆ ಹಳೆಯ ಕಡೆ ರಾಜೀನಾಮೆ ಕೊಟ್ಟಾಗಿರುತ್ತದೆ, ಆಫರ್ ಹಿಂದಕ್ಕೆ ಪಡೆದರೆ ಎರಡೂ ಇಲ್ಲ. ನಿಜ ಹೇಳಿ, ಫಿಕ್ಸೆಡ್ ಇಷ್ಟು, ವೇರಿಯಬಲ್ ಇಷ್ಟು ಅಂತ ಬೇರೆ ಮಾಡಿ ಹೇಳಿ. ಮುಂದಿನ ತಿಂಗಳು ಇನ್‌ಕ್ರಿಮೆಂಟ್ ಇದ್ದರೆ ಅದನ್ನೂ ಅದೇ ಸಾಲಿನಲ್ಲಿ ಬರೆಯಿರಿ.

ಉತ್ತರ ಕಳಿಸುವ ಮೊದಲು ಕ್ಲೈಂಟ್ ಹೆಸರು ಕೇಳುವುದಕ್ಕೆ ಇನ್ನೊಂದು ಗಟ್ಟಿ ಕಾರಣ ಇದೆ. ಒಂದೇ ಹುದ್ದೆಗೆ ಕಂಪನಿ ನಾಲ್ಕೈದು ಕನ್ಸಲ್ಟೆನ್ಸಿಗೆ ಕೆಲಸ ಕೊಟ್ಟಿರುತ್ತದೆ. "ಒಂದು ದೊಡ್ಡ ಬ್ಯಾಂಕಿಂಗ್ ಕ್ಲೈಂಟ್" ಅಂತ ಇಬ್ಬರು ಹೇಳಿ, ಇಬ್ಬರಿಗೂ ನೀವು ಸರಿ ಅಂದರೆ ನಿಮ್ಮ ರೆಸ್ಯೂಮೆ ಅದೇ ಕಂಪನಿಗೆ ಎರಡು ಕಡೆಯಿಂದ ಹೋಗುತ್ತದೆ, ಸಾಲದ್ದಕ್ಕೆ ಎರಡರಲ್ಲಿ ಎರಡು ಸಂಬಳ, ಎರಡು ನೋಟಿಸ್. ಫೀಸ್ ಯಾರಿಗೆ ಸೇರಬೇಕು ಅನ್ನುವ ಜಗಳ ಬೇಡ ಅಂತ ಕೆಲವು ಕಂಪನಿಗಳು ಅಭ್ಯರ್ಥಿಯನ್ನೇ ಕೈಬಿಡುತ್ತವೆ. ನಿಮಗೆ ಯಾರೂ ಕಾರಣ ಹೇಳುವುದಿಲ್ಲ. ಹಾಗಾಗಿ ಯಾವ ಕಂಪನಿ, ಯಾವ ಹುದ್ದೆ ಅಂತ ಮೇಲ್‌ನಲ್ಲಿ ಬರೆಸಿಕೊಂಡು ಒಪ್ಪಿಗೆ ಕೊಡುವುದು ಒಳ್ಳೆಯದು. ಒಳ್ಳೆಯ ರಿಕ್ರೂಟರ್‌ಗಳು ತಾವೇ ಅಂಥ ಮೇಲ್ ಕೇಳುತ್ತಾರೆ, ಅದು ನಂಬಬಹುದಾದವರ ಒಂದು ಗುರುತು.

ನಂಬಬಾರದವರ ಗುರುತು ಇನ್ನೂ ಸುಲಭ. ರಿಜಿಸ್ಟ್ರೇಶನ್‌ಗೆ, ಟ್ರೈನಿಂಗ್‌ಗೆ, ಲ್ಯಾಪ್‌ಟಾಪ್ ಡೆಪಾಸಿಟ್‌ಗೆ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಈ ಹಂತದಲ್ಲಿ ಆಧಾರ್, ಬ್ಯಾಂಕ್ ವಿವರ, ಓಟಿಪಿ ಯಾವುದೂ ಬೇಕಿಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಪ್ಯಾನ್ ಮತ್ತು ಹುಟ್ಟಿದ ದಿನಾಂಕವನ್ನು ಕೆಲವು ಕ್ಲೈಂಟ್ ಪೋರ್ಟಲ್‌ಗಳು ಡೂಪ್ಲಿಕೇಟ್ ಹಿಡಿಯಲು ನಿಜವಾಗಿಯೂ ಕೇಳುತ್ತವೆ, ಆದರೂ ಕಂಪನಿಯ ಹೆಸರು ಗೊತ್ತಾಗಿ ಇಂಟರ್ವ್ಯೂ ದಿನಾಂಕ ಬರುವವರೆಗೆ ಅವನ್ನು ಕೊಡದಿರುವುದೇ ಸರಿ.

ಒಂದು ಸಣ್ಣ ಕೆಲಸ ಬಹಳ ಉಪಯೋಗಕ್ಕೆ ಬರುತ್ತದೆ. ಫೋನ್‌ನಲ್ಲಿ ಮಾತಾಡಿ ಏನಾದರೂ ಬದಲಾದರೆ, ಮಾತು ಮುಗಿದ ತಕ್ಷಣ ಅದೇ ಚಾಟ್‌ನಲ್ಲಿ ಬರೆದುಬಿಡಿ: "ಈಗ ಮಾತಾಡಿದ ಹಾಗೆ, 16 ಫಿಕ್ಸೆಡ್, 60 ದಿನ, ಆಫೀಸ್ ವೈಟ್‌ಫೀಲ್ಡ್, ವಾರಕ್ಕೆ ಮೂರು ದಿನ." ಅವರು ಸರಿ ಅಂತ ಹಾಕಿದರೆ ಮುಂದೆ ಎಚ್‌ಆರ್ ಬೇರೆ ಅಂಕಿ ಹೇಳಿದಾಗ ತೋರಿಸಲು ಏನೋ ಇರುತ್ತದೆ. ತಪ್ಪು ಅಂಕಿ ಹೋಗಿಬಿಟ್ಟಿದ್ದರೆ ಮೆಸೇಜ್ ತಿದ್ದಿದರೆ ಸಾಲದು, ಅಷ್ಟರಲ್ಲಿ ಅದು ಶೀಟ್‌ಗೆ ಹೋಗಿರಬಹುದು. ಫೋನ್ ಮಾಡಿ, ಕ್ಲೈಂಟ್‌ಗೆ ಕಳಿಸಿದ್ದೀರಾ ಅಂತ ಕೇಳಿ. ಕಳಿಸಿಲ್ಲ ಅಂದರೆ ಬದಲಿಸಬಹುದು. ಕಳಿಸಿದ್ದರೆ ಮೊದಲ ಎಚ್‌ಆರ್ ಮಾತಿನಲ್ಲೇ, ಇಂಟರ್ವ್ಯೂಗೆ ಮೊದಲೇ ಸರಿಪಡಿಸಬೇಕು.

ಆಫರ್ ಲೆಟರ್ ಬಂದಾಗ ಈ ಚಾಟ್ ಪಕ್ಕದಲ್ಲಿಟ್ಟುಕೊಂಡು ಓದಿ. ಬೇಸ್ ಲೊಕೇಶನ್ ಯಾವುದು ಅಂತ ಬರೆದಿದೆ, ಫಿಕ್ಸೆಡ್ ಎಷ್ಟು, ಸೇರುವ ದಿನಾಂಕ ಯಾವುದು, ಬೈಔಟ್ ವಾಪಸ್ ಕೊಡುವುದು ಲೆಟರ್‌ನಲ್ಲೇ ಇದೆಯೋ ಬಾಯಿಮಾತೋ, ಒಂದು ವರ್ಷದ ಷರತ್ತು ಇದೆಯೋ, ಮತ್ತು ಈ ಹೊಸ ಕಂಪನಿಯ ನೋಟಿಸ್ ಎಷ್ಟು ದಿನ, ಬೈಔಟ್ ಬೇಸಿಕ್ ಮೇಲೋ ಗ್ರಾಸ್ ಮೇಲೋ. ಕೊನೆಯದನ್ನು ಸಹಿ ಹಾಕುವ ಮೊದಲು ಕೇಳಿ. ಆಫರ್ ಕೊಡುವ ದಿನ ಎಚ್‌ಆರ್ ಅದಕ್ಕೆ ಉತ್ತರಿಸುತ್ತಾರೆ, ಮೂರು ವರ್ಷದ ನಂತರ ನೀವು ಬಿಡುವಾಗ ಕೇಳಿದರೆ ಲೆಟರ್ ನೋಡಿಕೊಳ್ಳಿ ಅಂತಾರೆ.